ಶೆಲ್ ಲೆಕ್ಕದಲ್ಲಿ ಟಾಪ್: ಕ್ರೋಶಾ ಹೆಣಿಗೆಯನ್ನು ಮೈ ಅಳತೆಗೆ ಹೊಂದಿಸುವುದು ಹೇಗೆ?

ಕ್ರೋಶಾ ಹಾಕುವವರ ಮನೆಯಲ್ಲಿ ಟಿವಿ ಹೊದಿಕೆ, ಬಾಗಿಲ ತೋರಣ, ಟೀಪಾಯಿ ಮೇಲಿನ ಬಟ್ಟೆ ಇದ್ದೇ ಇರುತ್ತವೆ. ಅವುಗಳಲ್ಲಿ ತುಂಬಾ ಕಡೆ ಕಾಣುವ ಹೆಣಿಗೆ ಎಂದರೆ ಶೆಲ್. ಅದೇ ಹೆಣಿಗೆಯಲ್ಲಿ ಬೇಸಿಗೆಗೆ ಒಂದು ಟಾಪ್ ಮಾಡಬೇಕು ಎಂದು ಹೊರಟಾಗ ಎರಡು ತೊಡಕು ಬರುತ್ತವೆ. ಶೆಲ್ ಇಡಿಯಾಗಿಯೇ ಬರುತ್ತದೆ, ಅರ್ಧ ಕಾಲು ಆಗಿ ಕತ್ತರಿಸಲು ಬರುವುದಿಲ್ಲ. ಮೈ ಅಳತೆ ಮಾತ್ರ ಶೆಲ್ ಲೆಕ್ಕದಲ್ಲಿ ಇರುವುದಿಲ್ಲ. ಜೊತೆಗೆ ಮೇಜಿನ ಮೇಲೆ ಚಂದ ಕಂಡ ಹೆಣಿಗೆ ಮೈಮೇಲೆ ಬಿರುಸಾಗಿ ನಿಲ್ಲುತ್ತದೆ.

ಕಲಬುರಗಿಯ ಬೇಸಿಗೆಗೆ ಹತ್ತಿ ದಾರವೇ ಸರಿ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಅಕ್ರಿಲಿಕ್ ಉಲನ್ ಹಗುರ ಇರುತ್ತದೆ ನಿಜ, ಆದರೆ ಬೆವರು ಹೀರುವುದಿಲ್ಲ. ಹತ್ತಿಗೆ ಅದರದೇ ಒಂದು ಗುಣ ಇದೆ. ಅದು ಭಾರ, ತನ್ನ ಭಾರಕ್ಕೇ ಉದ್ದಕ್ಕೆ ಇಳಿಯುತ್ತದೆ. ಮುಂದಿನ ಲೆಕ್ಕವೆಲ್ಲ ಈ ಗುಣವನ್ನು ಹಿಡಿದೇ ಸಾಗುತ್ತದೆ. ಉದಾಹರಣೆಗೆ ನನ್ನ ಅಣ್ಣನ ಮಗಳಿಗೆ ಮಾಡಿದ ಟಾಪನ್ನೇ ತೆಗೆದುಕೊಂಡಿದ್ದೇನೆ.

ಮೊದಲು ಬಟ್ಟೆಯ ಫಾಲ್

ಅಳತೆಗೆ ಮುಂಚೆ ಫಾಲ್, ಅಂದರೆ ಬಟ್ಟೆ ಮೈಮೇಲೆ ಇಳಿದು ಬೀಳುವ ರೀತಿ, ನೋಡಬೇಕು. ಯಾಕೆಂದರೆ ಸೂಜಿ ಅಥವಾ ಹೆಣಿಗೆ ಬದಲಾದರೆ ಅಳತೆಯೆಲ್ಲ ಬದಲಾಗುತ್ತದೆ.

ಸಾದಾ ಶೆಲ್ ಎಂದರೆ ಒಂದೇ ಮನೆಯಲ್ಲಿ 5 ಡಬಲ್ ಕ್ರೋಶಾ, ಎರಡು ಮನೆ ಬಿಟ್ಟು ಒಂದು ಸಿಂಗಲ್ ಕ್ರೋಶಾ, ಮತ್ತೆ ಎರಡು ಮನೆ ಬಿಟ್ಟು ಮುಂದಿನ ಶೆಲ್. (ಡಬಲ್ ಎಂದರೆ ಸೂಜಿಗೆ ಒಂದು ಸುತ್ತು ದಾರ ಹಾಕಿ ಎಳೆಯುವುದು. ಬ್ರಿಟಿಷ್ ಪುಸ್ತಕಗಳಲ್ಲಿ ನಮ್ಮ ಸಿಂಗಲ್ ಅನ್ನೇ ಡಬಲ್ ಎನ್ನುತ್ತಾರೆ, ಹೆಸರಿಗಿಂತ ಚಿತ್ರ ನೋಡಿ.) ಇದನ್ನು 3 ಮಿ.ಮೀ. ಸೂಜಿಯಲ್ಲಿ ಹಾಕಿ, ತುಂಡನ್ನು ಅಂಗೈ ಹಿಂಭಾಗದ ಮೇಲೆ ಹೊದಿಸಿ ನೋಡಿ. ಅಂಚು ಕೆಳಗೆ ಬಾಗದೆ ಖಡಕ್ ರೊಟ್ಟಿಯಂತೆ ನೆಟ್ಟಗೆ ನಿಂತರೆ ಟಾಪ್ ಮೈಯಿಂದ ದೂರ ನಿಲ್ಲುತ್ತದೆ. ನನ್ನ ತುಂಡು ಹಾಗೇ ನಿಂತಿತ್ತು. ಹುಡುಗಿ ನೋಡಿದವಳೇ, "ಅತ್ತೀ, ಇದು ಟಿವಿ ಮ್ಯಾಲಿನ ಹೊದಿಕಿ ಇದ್ದಂಗ ಆಗ್ತದ" ಎಂದಳು. ಅವಳು ಹೇಳಿದ್ದು ಸರಿ.

ಇಲ್ಲಿ ಹೆಚ್ಚಿನವರು ಸುಮ್ನೆ ದಪ್ಪ ಸೂಜಿ ಹಿಡಿಯುತ್ತಾರೆ. ಅರ್ಧ ಮಿ.ಮೀ., ಒಂದು ಮಿ.ಮೀ. ಏರಿಸಿದರೆ ಲಾಭ ಇದೆ. ಅದಕ್ಕೂ ಮೇಲೆ ಹೋದರೆ ಮನೆಗಳು ಸಡಿಲವಾಗಿ, ಬಳೆಗೆ ಸಿಕ್ಕಿ ಎಳೆ ಹೊರಬರುತ್ತದೆ, ಟಾಪ್ ಉದ್ದಕ್ಕೆ ಇಳಿಯುತ್ತಲೇ ಹೋಗುತ್ತದೆ. ಆದ್ದರಿಂದ ಸೂಜಿಯನ್ನು 4 ಮಿ.ಮೀ.ಗೆ ನಿಲ್ಲಿಸಿ ಹೆಣಿಗೆಯನ್ನೇ ತೆಳುವಾಗಿಸುವುದು ಉತ್ತಮ. ಶೆಲ್‌ನ 5 ಡಬಲ್ ಬದಲು ಒಂದು ಡಬಲ್, ಒಂದು ಚೈನ್, ಒಂದು ಡಬಲ್, ಒಂದು ಚೈನ್, ಒಂದು ಡಬಲ್ ಹಾಕಿ. ಲೆಕ್ಕಕ್ಕೆ ಆಗಲೂ ಐದೇ ಮನೆ. ಶೆಲ್‌ನ ಆಕಾರ ಉಳಿಯುತ್ತದೆ, ದಾರ ಕಡಿಮೆ ಹಿಡಿಯುತ್ತದೆ, ನಡುವೆ ಗಾಳಿ ಆಡುತ್ತದೆ. ಎರಡನೇ ತುಂಡು ಕೈಮೇಲೆ ಹೊದಿಸಿದಾಗ ಅಂಚು ತಾನಾಗಿಯೇ ಇಳಿಯಿತು.

ತೊಳೆದು, ತೂಗಿ, ಆಮೇಲೆ ಅಳೆಯಿರಿ

ಗೇಜ್ ಎಂದರೆ ಇಷ್ಟು ಅಗಲಕ್ಕೆ ಎಷ್ಟು ಶೆಲ್, ಇಷ್ಟು ಉದ್ದಕ್ಕೆ ಎಷ್ಟು ಸಾಲು ಎಂಬ ಲೆಕ್ಕ. ಇದಕ್ಕೆ ಮಾದರಿ ತುಂಡು 6 ಶೆಲ್ ಅಗಲ, 16 ಸಾಲು ಉದ್ದ ಇರಲಿ. ಒಂದು ಶೆಲ್‌ಗೆ 6 ಚೈನ್, ಕೊನೆಗೆ 2 ಹೆಚ್ಚು, ಒಟ್ಟು 38 ಚೈನ್. ಸೂಜಿಯಿಂದ ಎರಡನೇ ಚೈನ್‌ಗೆ ಮೊದಲ ಸಿಂಗಲ್. ಎರಡನೇ ಸಾಲಿನಲ್ಲಿ ಶೆಲ್ ಬರುವುದು ಕೆಳಗಿನ ಸಿಂಗಲ್ ಮೇಲೆ, ಸಿಂಗಲ್ ಬರುವುದು ಕೆಳಗಿನ ಶೆಲ್‌ನ ನಡುವಿನ ಡಬಲ್ ಮೇಲೆ. ಆ ಸಾಲಿನ ಎರಡೂ ಅಂಚಿಗೆ ಅರ್ಧ ಶೆಲ್: ಶುರುವಿಗೆ 4 ಚೈನ್ ಹಾಕಿ ಮೊದಲ ಮನೆಯಲ್ಲೇ ಒಂದು ಡಬಲ್, ಕೊನೆಯ ಮನೆಯಲ್ಲಿ ಡಬಲ್, ಚೈನ್, ಡಬಲ್. ಮೂರನೇ ಸಾಲು ಮತ್ತೆ ಸಿಂಗಲ್‌ನಿಂದ ಶುರುವಾಗಿ, ಆ 4 ಚೈನ್‌ನ ಮೂರನೇ ಚೈನ್ ಮೇಲೆ ಸಿಂಗಲ್‌ನಿಂದಲೇ ಮುಗಿಯುತ್ತದೆ. ಈ ಎರಡು ಸಾಲೇ ಮುಂದೆಲ್ಲ.

ತುಂಡು ಮುಗಿದ ಕೂಡಲೇ ನಡುವಿನ 4 ಶೆಲ್, 12 ಸಾಲು ಅಳೆದು ಬರೆದಿಡಿ. ಅಂಚು ಬೇಡ, ಅದು ಸುಳ್ಳು ಹೇಳುತ್ತದೆ. ನನ್ನದು 13.6 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದ ಇತ್ತು. ಟೈಲರ್‌ಗಳು ಇಂಚಿನಲ್ಲಿ ಹೇಳುತ್ತಾರೆ, ಆದರೆ ಭಾಗಾಕಾರಕ್ಕೆ ಟೇಪಿನ ಸೆಂ.ಮೀ. ಬದಿಯೇ ಸುಲಭ.

ಈಗ ಟಾಪನ್ನು ಹೇಗೆ ತೊಳೆಯುತ್ತೀರೋ ಹಾಗೇ ತುಂಡನ್ನೂ ತೊಳೆದು ನೆರಳಲ್ಲಿ ಹಾಸಿ ಒಣಗಿಸಿ. ಒಣಗಿದ ಮೇಲೆ ತೂಗುಹಾಕಬೇಕು. ಮೇಲಿನ ಸಾಲನ್ನು ಪೂರ್ತಿ ಒಂದು ಕೋಲಿಗೆ ಪಿನ್ ಮಾಡಿ. ಎರಡೇ ಮೂಲೆಗೆ ಸಿಕ್ಕಿಸಿದರೆ ನಡು ಜೋತು ಬಿದ್ದು ಅಳತೆ ಕೆಡುತ್ತದೆ. ಕೆಳಗಿನ ಅಂಚಿಗೆ ಬಟ್ಟೆ ಕ್ಲಿಪ್‌ಗಳನ್ನು ಸಮನಾಗಿ ಹಾಕಿ, ಒಟ್ಟು 50ರಿಂದ 60 ಗ್ರಾಂ ಆಗಲಿ. ಈ ಅಂಕಿ ಎಲ್ಲಿಂದ ಬಂತು ಎಂದರೆ, ಟಾಪ್ ಸುಮಾರು 300 ಗ್ರಾಂ ಆಗುತ್ತದೆ. ಆ ಭಾರ ಪೂರ್ತಿ ಬೀಳುವುದು ಭುಜದ ಸಾಲಿನ ಮೇಲೆ. ಕೆಳಗೆ ಬಂದಂತೆ ಭಾರ ಕಡಿಮೆ, ಕೊನೆಯ ಅಂಚಿಗೆ ಏನೂ ಇಲ್ಲ. ತುಂಡಿನ ಅಗಲಕ್ಕೆ ಭುಜದ ಪಾಲು 110 ಗ್ರಾಂ ಹತ್ತಿರ ಬರುತ್ತದೆ, ಅದರ ಅರ್ಧ ಹಿಡಿದರೆ ಸರಾಸರಿ ಸಿಕ್ಕಿತು. ಒಂದು ರಾತ್ರಿ ಬಿಡಿ.

ಬೆಳಿಗ್ಗೆ, ತೂಗುತ್ತಿರುವಾಗಲೇ ಅಳೆಯಿರಿ. 4 ಶೆಲ್ 13 ಸೆಂ.ಮೀ.ಗೆ ಬಂದಿತ್ತು, 12 ಸಾಲು 10.5ಕ್ಕೆ ಇಳಿದಿತ್ತು. ಅಗಲ ಕಡಿಮೆಯಾಯಿತು, ಉದ್ದ ಹೆಚ್ಚಾಯಿತು. ಇನ್ನು ಮುಂದೆ ಟಾಪಿನ ಲೆಕ್ಕಕ್ಕೆ ಇವೇ ಎರಡು ಅಂಕಿ. 12 ಸಾಲು 11 ಸೆಂ.ಮೀ. ದಾಟಿದರೆ ಹೆಣಿಗೆ ತೀರಾ ಸಡಿಲ ಎಂದು ತಿಳಿದು ಅರ್ಧ ಮಿ.ಮೀ. ಸಣ್ಣ ಸೂಜಿ ಹಿಡಿಯುತ್ತೇನೆ.

ತುಂಡನ್ನು ಬಿಚ್ಚುವ ಮುಂಚೆ ತೂಕ ಮಾಡಿ. 6 ಶೆಲ್‌ನ 16 ಸಾಲು ಎಂದರೆ 96 ಶೆಲ್, ತೂಕ 14 ಗ್ರಾಂ ಬಂತು. ಟಾಪಿಗೆ ಎಷ್ಟು ಶೆಲ್ ಎಂದು ಗೊತ್ತಾದರೆ ದಾರವೂ ಗೊತ್ತಾಗುತ್ತದೆ. ಎಲ್ಲ ಉಂಡೆ ಒಂದೇ ಲಾಟಿನದು ಇರಲಿ, ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ಎದೆಯ ಮೇಲೆ ಪಟ್ಟೆ ಕಾಣುತ್ತದೆ.

ಅಗಲದ ಲೆಕ್ಕ

ಹುಡುಗಿಯ ಎದೆ ಸುತ್ತಳತೆ 92 ಸೆಂ.ಮೀ. ಲೂಸ್ 8 ಸೆಂ.ಮೀ. ಸೇರಿಸಿದರೆ 100. ಮುಂದೆ ಒಂದು, ಹಿಂದೆ ಒಂದು ಪಟ್ಟಿ ಎಂದರೆ ಒಂದೊಂದು 50. ಒಂದು ಶೆಲ್ 3.25 ಸೆಂ.ಮೀ. ಭಾಗಿಸಿದರೆ 15.4 ಶೆಲ್.

ಸಮಸ್ಯೆ ಇಲ್ಲಿದೆ ಅಲ್ವಾ? 15 ಹಾಕಿದರೆ ಸುತ್ತಳತೆ 97.5, ಲೂಸ್ ಬರೀ ಐದೂವರೆ. 16 ಹಾಕಿದರೆ 104, ಲೂಸ್ 12. ನಡುವೆ ಏನೂ ಸಿಗುವುದಿಲ್ಲ. ಜೋಲು ಇಷ್ಟವಾದರೆ 16 ಹಾಕಿ, ತಪ್ಪೇನಿಲ್ಲ. ಸೂಜಿ ಬದಲಿಸಿ ಶೆಲ್ಲನ್ನೇ ಹಿಗ್ಗಿಸಬಹುದು, ಆದರೆ ಕಷ್ಟಪಟ್ಟು ಸರಿಮಾಡಿದ ಫಾಲ್ ಕೆಡುತ್ತದೆ. ನನಗೆ ಹಿಡಿಸಿದ್ದು ಮೂರನೇ ದಾರಿ. 15 ಶೆಲ್ ಹಾಕಿ, ಪಟ್ಟಿ ಮುಗಿದ ಮೇಲೆ ಎರಡೂ ಪಕ್ಕದ ಅಂಚಿಗೆ ಉದ್ದಕ್ಕೂ ಒಂದೊಂದು ಸಾಲು ಸಾದಾ ಡಬಲ್ ಹಾಕುವುದು. ಒಂದು ಸಾಲು ಸುಮಾರು 0.9 ಸೆಂ.ಮೀ. ನಾಲ್ಕು ಅಂಚಿಗೆ 3.6. ಒಟ್ಟು ಸುತ್ತಳತೆ 101. ಇದಕ್ಕೆ ಇನ್ನೊಂದು ಲಾಭವೂ ಇದೆ. ಪಕ್ಕದ ಈ ಸಾಲು ಉದ್ದಕ್ಕೆ ಓಡುವುದರಿಂದ ಬಟ್ಟೆ ಕೆಳಗಿಳಿಯದಂತೆ ಹಿಡಿಯುತ್ತದೆ. ಮನೆ ಜಾಸ್ತಿ ಹಾಕಿದರೆ ಅಂಚು ಅಲೆಯಾಗುತ್ತದೆ, ಕಡಿಮೆ ಹಾಕಿದರೆ ಸುಕ್ಕಿ ಮೇಲೆಳೆಯುತ್ತದೆ. ಮೊದಲು ಮಾದರಿ ತುಂಡಿನ ಅಂಚಿಗೇ ಹಾಕಿ ನೋಡಿ.

ಉದ್ದ, ಕುತ್ತಿಗೆ

ಉದ್ದಕ್ಕೆ ಚೆನ್ನಾಗಿ ಕೂರುವ ಒಂದು ಕುರ್ತಿ ತೆಗೆದುಕೊಂಡು, ಭುಜದಿಂದ ಟಾಪ್ ಎಲ್ಲಿಗೆ ಬರಬೇಕೋ ಅಲ್ಲಿವರೆಗೆ ಅಳೆಯಿರಿ. ಇಲ್ಲಿ 54 ಸೆಂ.ಮೀ. ಒಂದು ಸಾಲು 0.875, ಅಂದರೆ 62 ಸಾಲು. ಹಾಕಿ ಮುಗಿಸಿ ಮಂಚದ ಮೇಲೆ ಹಾಸಿದಾಗ ಅದು 52 ಸೆಂ.ಮೀ. ಹತ್ತಿರ ಕಾಣುತ್ತದೆ. ಗಿಡ್ಡ ಆಯಿತು ಎಂದು ಎರಡು ಸಾಲು ಸೇರಿಸಬೇಡಿ, ಮೈಮೇಲೆ ಅದು 54ಕ್ಕೇ ಬರುತ್ತದೆ.

ಹಿಂದಿನ ಪಟ್ಟಿಗೆ 15 × 6 + 2, ಅಂದರೆ 92 ಚೈನ್. ಈ ಚೈನ್ ಮಾತ್ರ 4.5 ಮಿ.ಮೀ. ಸೂಜಿಯಲ್ಲಿ ಹಾಕಿ, ಇಲ್ಲದಿದ್ದರೆ ಕೆಳಗಿನ ಅಂಚು ಬಿಗಿದು ಟಾಪ್ ಸೊಂಟಕ್ಕೆ ಕಚ್ಚುತ್ತದೆ. ಹತ್ತು ಸಾಲಾದ ಮೇಲೆ ಹಾಸಿ ಅಗಲ ನೋಡಿ. ತೊಳೆಯದ ಅಳತೆಯ ಪ್ರಕಾರ 51 ಸೆಂ.ಮೀ. ಇರಬೇಕು. 53 ಬಂದಿದ್ದರೆ ಕೈ ಸಡಿಲವಾಗಿದೆ. ಮಾದರಿ ತುಂಡು ಹಾಕುವಾಗಿನ ಬಿಗಿ ಉದ್ದ ಸಾಲಿನಲ್ಲಿ ಉಳಿಯುವುದಿಲ್ಲ, ಇದು ಎಲ್ಲರಿಗೂ ಆಗುವುದೇ. ಬಿಚ್ಚಿ ಸಣ್ಣ ಸೂಜಿಯಲ್ಲಿ ಹಾಕಿ.

ಮುಂದಿನ ಪಟ್ಟಿಯಲ್ಲಿ 54 ಸಾಲು ಹಾಗೇ. ಆಮೇಲೆ ಒಂದು ಬದಿಗೆ 4 ಶೆಲ್ ಮಾತ್ರ 8 ಸಾಲು, ನಡುವಿನ 7 ಶೆಲ್ ಬಿಟ್ಟು ಇನ್ನೊಂದು ಬದಿಗೆ 4 ಶೆಲ್ 8 ಸಾಲು. ಕುತ್ತಿಗೆ ಅಗಲ 23 ಸೆಂ.ಮೀ., ಆಳ 7 ಸೆಂ.ಮೀ. ಮುಂದೆ, ಹಿಂದೆ, ಎರಡು ಪಕ್ಕ ಕೂಡಿದರೆ 59 ದಾಟುತ್ತದೆ. ತಲೆಯ ಸುತ್ತಳತೆ 56 ಇದ್ದರೂ ಆರಾಮಾಗಿ ತೂರುತ್ತದೆ. ಆಳ ಬಿಡದೆ ನೇರ ಸೀಳು ಬಿಟ್ಟರೆ 46 ಮಾತ್ರ ಆಗುತ್ತಿತ್ತು, ತಲೆ ಹೋಗುವುದಿಲ್ಲ.

ಎರಡೂ ಪಟ್ಟಿ ಸೇರಿ 1,860 ಶೆಲ್ ಹತ್ತಿರ, ಮಾದರಿಯ ತೂಕದಿಂದ ಗುಣಿಸಿದರೆ 271 ಗ್ರಾಂ. ಅಂಚು, ಹೊಲಿಗೆಗೆ ಸೇರಿಸಿ 300 ಗ್ರಾಂ ದಾರ ತನ್ನಿ.

ಜೋಡಿಸುವಾಗ

ಕೊನೆಯ ಸಾಲು ಏರಿಳಿತ ಇರುತ್ತದೆ. ಶೆಲ್‌ನ ತುದಿಗೆ ಸಿಂಗಲ್, ತಗ್ಗಿಗೆ ಡಬಲ್, ನಡುವೆ ಹಾಫ್ ಡಬಲ್ ಹಾಕಿ ನೇರ ಮಾಡಿ. ಶೆಲ್‌ಗೆ ಆರೇ ಮನೆ ಇರಲಿ. ಆಮೇಲೆ ಭುಜ ಹೊಲಿದು, ಆ ಹೊಲಿಗೆಯ ಮೇಲೆ ಮತ್ತು ಹಿಂದಿನ ಕುತ್ತಿಗೆಗೆ ಬಿಗಿಯಾಗಿ ಒಂದು ಸಾಲು ಸ್ಲಿಪ್ ಸ್ಟಿಚ್. ಇದು ಹಿಗ್ಗುವುದಿಲ್ಲ. ಇಡೀ ಟಾಪಿನ ಭಾರ ಹೊರುವ ಜಾಗ ಇದೇ, ಇದನ್ನು ಬಿಟ್ಟರೆ ಕುತ್ತಿಗೆ ಅಗಲವಾಗಿ ಭುಜ ಜಾರುತ್ತದೆ.

ಪಕ್ಕ ಹೊಲಿಯುವಾಗ ಭುಜದಿಂದ 22 ಸಾಲು ಕೈಗೆ ಬಿಡಿ. ಒಂದು ಬದಿಗೆ 19 ಸೆಂ.ಮೀ., ಸುತ್ತ 38. ಅವಳ ತೋಳು 30, ಸಾಕು. ಪಟ್ಟಿ ಭುಜಕ್ಕಿಂತ ಎರಡೂ ಕಡೆ ಆರು ಸೆಂ.ಮೀ. ಅಗಲ ಇರುವುದರಿಂದ ಅದೇ ಗಿಡ್ಡ ತೋಳಾಗುತ್ತದೆ.

ತೊಳೆದ ಟಾಪನ್ನು ಹಗ್ಗಕ್ಕೆ ಹಾಕಬೇಡಿ. ಒದ್ದೆ ಹತ್ತಿಯ ಭಾರ ನಾವು ತೂಗಿ ನೋಡಿದ್ದಕ್ಕಿಂತ ತುಂಬಾ ಜಾಸ್ತಿ. ಟವೆಲ್‌ನಲ್ಲಿ ಸುತ್ತಿ ನೀರು ಹಿಂಡಿ, ನೆರಳಲ್ಲಿ ಚಾಪೆಯ ಮೇಲೆ ಹಾಸಿ. ಬೀರುವಿನಲ್ಲೂ ಹ್ಯಾಂಗರ್ ಬೇಡ, ಮಡಚಿ ಇಡಿ. ಎರಡು ಮೂರು ಸಲ ಉಟ್ಟು ತೊಳೆದ ಮೇಲೆ ಹಿಂದಿನ ಕುತ್ತಿಗೆಯ ಅಗಲ ಒಮ್ಮೆ ಅಳೆದು ನೋಡಿ. 23 ಸೆಂ.ಮೀ. ದಾಟಿ ಹಿಗ್ಗಿದ್ದರೆ ಭುಜ, ಕುತ್ತಿಗೆಯ ಸ್ಲಿಪ್ ಸ್ಟಿಚ್ ಬಿಚ್ಚಿ ಇನ್ನೂ ಬಿಗಿಯಾಗಿ ಹಾಕಿ, ಪಟ್ಟಿ ಮುಟ್ಟಬೇಕಿಲ್ಲ.