ಧೀಂಗಿಣದ ಮೂವತ್ತು ಸೆಕೆಂಡು

ನನ್ನದು ಏಳನೇ ತಲೆಮಾರಿನ ಐ3 ಲ್ಯಾಪ್‌ಟಾಪ್. ಎರಡೇ ಕೋರ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ನಮ್ಮೂರ ಯಕ್ಷಗಾನದ ವಿಡಿಯೊಗಳನ್ನು ಅದರಲ್ಲೇ ಶಾಟ್‌ಕಟ್ ಅನ್ನುವ ಎಡಿಟಿಂಗ್ ತಂತ್ರಾಂಶ ಹಾಕಿಕೊಂಡು ಎಡಿಟ್ ಮಾಡುತ್ತೇನೆ.

20 ನಿಮಿಷದ ಒಂದು ವಿಡಿಯೊ ಎಕ್ಸ್‌ಪೋರ್ಟ್ ಆಗಲು 50 ನಿಮಿಷ ಬೇಕಾಗುತ್ತಿತ್ತು. ಲ್ಯಾಪ್‌ಟಾಪ್ ಬಿಸಿಯಾದ ಮೇಲೆ ಪ್ರೊಸೆಸರ್ ತಾನೇ ವೇಗ ಇಳಿಸುವುದರಿಂದ ಕೊನೆಕೊನೆಗೆ ಇನ್ನೂ ನಿಧಾನ. ಒಂದು ದಿನ `Use hardware encoder` ಟಿಕ್ ಮಾಡಿ ನೋಡಿದೆ. 18 ನಿಮಿಷಕ್ಕೆ ಮುಗಿಯಿತು! ಇಂಟೆಲ್ ಚಿಪ್‌ನೊಳಗೇ ಇರುವ ಕ್ವಿಕ್ ಸಿಂಕ್ ಅನ್ನುವ ಭಾಗ ಎನ್‌ಕೋಡ್, ಅಂದರೆ ವಿಡಿಯೊ ಕುಗ್ಗಿಸುವ ಕೆಲಸ ಮಾಡಿತ್ತು.

ಖುಷಿ ಟಿವಿಯಲ್ಲಿ ಹಾಕುವವರೆಗೆ ಮಾತ್ರ. ಪುಂಡುವೇಷ ಗಿರ್ರನೆ ಹಾರಿ ತಿರುಗುತ್ತಾ ಧೀಂಗಿಣ ಹಾಕುವಾಗ ಬಟ್ಟೆಯ ಕೆಂಪು ಚೌಕ ಚೌಕವಾಗಿ ಒಡೆಯಿತು. ಹಿಂದಿನ ಕಪ್ಪು ಪರದೆಯಲ್ಲಿ ಕಲೆಗಳು ತೇಲಿದವು. ಭಾಗವತರು ಕೂತು ಹಾಡುವಾಗ ಮಾತ್ರ ಏನೂ ತೊಂದರೆ ಇರಲಿಲ್ಲ.

ಹಾಗಾಗಿ ಇಡೀ ವಿಡಿಯೊ ಬಿಟ್ಟು, ಬರೀ ಆ ಧೀಂಗಿಣದ 30 ಸೆಕೆಂಡನ್ನು ಮೂಲ ಫೈಲಿನಿಂದ ffmpeg ಅನ್ನುವ ಕಮಾಂಡ್ ತಂತ್ರಾಂಶದಲ್ಲಿ ಎರಡು ರೀತಿ ತೆಗೆದೆ, ಮೊದಲನೆಯದು ಸಾಫ್ಟ್‌ವೇರ್‌ನಲ್ಲಿ, ಎರಡನೆಯದು ಕ್ವಿಕ್ ಸಿಂಕ್‌ನಲ್ಲಿ:

```
ffmpeg -ss 00:12:40 -t 30 -i in.mp4 -c:v libx264 -b:v 6M a.mp4
ffmpeg -ss 00:12:40 -t 30 -i in.mp4 -c:v h264_qsv -b:v 6M b.mp4
```

ಎರಡಕ್ಕೂ ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿಗೆ ಬಳಸುವ ಡೇಟಾ ಒಂದೇ, 6 ಎಂಬಿಪಿಎಸ್. ಮೊದಲನೆಯದೇ ಚೆನ್ನಾಗಿತ್ತು. ಸಾಫ್ಟ್‌ವೇರ್ ಎನ್‌ಕೋಡರ್, ಹಿಂದಿನ ಫ್ರೇಮಿನಲ್ಲಿದ್ದ ಬಟ್ಟೆ ಈಗ ಎಲ್ಲಿಗೆ ಸರಿದಿದೆ ಎಂದು ತುಂಬಾ ಹುಡುಕುತ್ತದೆ. ಹುಡುಕಿದಷ್ಟೂ ಬಿಟ್ ಉಳಿಯುತ್ತದೆ, ಸಮಯ ಹೋಗುತ್ತದೆ. ಹಾರ್ಡ್‌ವೇರ್‌ನದು ಮೊದಲೇ ಕಟ್ಟಿಟ್ಟ ಸರ್ಕ್ಯೂಟ್, ಅದು ಬೇಗ ಹುಡುಕಿ ಮುಗಿಸುತ್ತದೆ. ಜೋರಾದ ಚಲನೆ ಬಂದಾಗ ಬಿಟ್ ಸಾಲದೆ ಚಿತ್ರ ಒಡೆಯುತ್ತದೆ.

ಎರಡನೆಯದರ ಬಿಟ್‌ರೇಟ್ ಏರಿಸುತ್ತಾ ಹೋದೆ. 12ಕ್ಕೆ ಬಂದಾಗ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಆದರೆ ಫೈಲ್ ಎರಡು ಪಟ್ಟು ದೊಡ್ಡದು. ಹೊಸ ಚಿಪ್‌ಗಳಲ್ಲಿ ಇಷ್ಟು ಏರಿಸಬೇಕಾಗಲಿಕ್ಕಿಲ್ಲ, ಅವುಗಳ ಕ್ವಿಕ್ ಸಿಂಕ್ ಸುಧಾರಿಸಿದೆ.

ಇನ್ನೊಂದು ಸಲ ರಾತ್ರಿ ಆಟದ ವಿಡಿಯೊಗೆ ನಾಯ್ಸ್ ತೆಗೆಯುವ ಫಿಲ್ಟರ್ ಹಾಕಿದ್ದೆ. ಆಗ ಹಾರ್ಡ್‌ವೇರ್ ಆರಿಸಿದರೂ ಹೆಚ್ಚೇನೂ ಬೇಗ ಆಗಲಿಲ್ಲ. ಟಾಸ್ಕ್ ಮ್ಯಾನೇಜರ್ ನೋಡಿದರೆ ಸಿಪಿಯು ಪೂರ್ತಿ 100. ಫಿಲ್ಟರ್ ಲೆಕ್ಕ ಮಾಡುವುದು ಸಿಪಿಯುನೇ ಅಲ್ವಾ? ಅದು ಫ್ರೇಮ್ ಕೊಡುವವರೆಗೆ ಎನ್‌ಕೋಡರ್ ಸುಮ್ನೆ ಕಾಯುತ್ತಿತ್ತು.

ಈಗ ಕಲಾವಿದರಿಗೆ ತೋರಿಸಿ ಒಪ್ಪಿಗೆ ಪಡೆಯುವ ಪ್ರತಿಯನ್ನು ಹಾರ್ಡ್‌ವೇರ್‌ನಲ್ಲೇ ತೆಗೆಯುತ್ತೇನೆ. ಯೂಟ್ಯೂಬ್‌ಗೂ ಅದೇ, ಆದರೆ ಬಿಟ್‌ರೇಟ್ 16. ಅಲ್ಲಿ ಹೇಗೂ ಮತ್ತೆ ಎನ್‌ಕೋಡ್ ಆಗುತ್ತದೆ, ಹಾಗಾಗಿ ಕಳಿಸುವ ಫೈಲ್ ಗಟ್ಟಿಯಾಗಿರಬೇಕು. ಮೇಳದವರು ಇಟ್ಟುಕೊಳ್ಳುವ ಪ್ರತಿಯನ್ನು ಮಾತ್ರ ಸಾಫ್ಟ್‌ವೇರ್‌ನಲ್ಲಿ, ಬಿಟ್‌ರೇಟ್ ಬದಲು ಗುಣಮಟ್ಟ ಹೇಳುವ ಸಿಆರ್‌ಎಫ್ ಅನ್ನು 20ಕ್ಕೆ ಇಟ್ಟು, ರಾತ್ರಿ ಮಲಗುವ ಮುಂಚೆ ಹಚ್ಚಿ ಬಿಡುತ್ತೇನೆ. ಲ್ಯಾಪ್‌ಟಾಪ್ ಕೆಳಗೆ ಗಾಳಿ ಆಡಲು ಎರಡು ಮರದ ತುಂಡು ಇಟ್ಟಿರುತ್ತೇನೆ.