ಪಕ್ಕದ ಶಾಲೆಯ ಹೆಸರು ಹಾಕಿದರೂ ಒಪ್ಪುವ ಕರಪತ್ರ ಬೇಡ
ಸಣ್ಣ ಖಾಸಗಿ ಶಾಲೆಯ ಪ್ರವೇಶಾತಿ ಕರಪತ್ರವನ್ನು ಬರೆಯುವ ಕ್ರಮ

ಬೇಸಿಗೆ ಬರುತ್ತಿದ್ದಂತೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಿಗೆ ದಿನಪತ್ರಿಕೆಯ ಮಡಿಕೆಯೊಳಗೆ ಶಾಲೆಗಳ ಕರಪತ್ರಗಳು ಬಂದು ಬೀಳುತ್ತವೆ. ಅವುಗಳಲ್ಲಿ ನಾಲ್ಕನ್ನು ಎದುರಿಗೆ ಹರಡಿಕೊಂಡು ಶಾಲೆಗಳ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿದರೆ ಯಾವುದು ಯಾರದೆಂದು ಹೇಳುವುದು ಕಷ್ಟ. ‘ಗುಣಮಟ್ಟದ ಶಿಕ್ಷಣ’, ‘ಮೌಲ್ಯಾಧಾರಿತ ಬೋಧನೆ’, ‘ನುರಿತ ಶಿಕ್ಷಕ ವೃಂದ’ ಎಂಬ ಮಾತುಗಳು ನಾಲ್ಕರಲ್ಲೂ ಇರುತ್ತವೆ. ದೊಡ್ಡ ಸಂಸ್ಥೆಗೆ ಕಟ್ಟಡದ ಚಿತ್ರವಾದರೂ ಆಸರೆಯಾಗುತ್ತದೆ, ಆದರೆ ನೂರೈವತ್ತು ಮಕ್ಕಳ ಸಣ್ಣ ಶಾಲೆಗೆ ಬರಹದ ಹೊರತು ಬೇರೆ ಬಂಡವಾಳವಿಲ್ಲ. ಓದು ಮತ್ತು ಮೌಲ್ಯ ಎರಡನ್ನೂ ಸಮವಾಗಿ ನೋಡಿಕೊಳ್ಳುತ್ತೇವೆ ಎನ್ನುವ ಅಂಥ ಶಾಲೆಯು ಅದನ್ನು ಪೋಷಕರು ನಂಬುವಂತೆ ಹೇಗೆ ಬರೆಯಬೇಕು ಎಂಬುದನ್ನು ಇಲ್ಲಿ ನೋಡೋಣ. ಉದಾಹರಣೆಗೆ ಹೊಸನಗರ ತಾಲ್ಲೂಕಿನಲ್ಲಿ, ಒಂದರಿಂದ ಹತ್ತನೇ ತರಗತಿಯವರೆಗೆ ಮಾನ್ಯತೆ ಇರುವ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳೋಣ.

ಮೊದಲು ವೇಳಾಪಟ್ಟಿ, ಆಮೇಲೆ ಬರಹ

ಬರೆಯಲು ಕೂರುವ ಮುನ್ನ ಒಂದು ವಾರ ನೋಟ್‌ಬುಕ್ ಹಿಡಿದು ಶಾಲೆಯಲ್ಲೇ ಓಡಾಡಬೇಕು. ಮೌಲ್ಯದ ಹೆಸರಿನಲ್ಲಿ ನಿಜವಾಗಿ ಏನು ನಡೆಯುತ್ತಿದೆ, ಯಾವ ದಿನ, ಎಷ್ಟು ನಿಮಿಷ, ಯಾವ ಶಿಕ್ಷಕರ ಹೊಣೆಯಲ್ಲಿ ಎಂಬುದನ್ನು ಬರೆದುಕೊಳ್ಳಬೇಕು. ಪೋಷಕರು ಕೆಲಸದ ದಿನವೊಂದರಲ್ಲಿ ಹೇಳದೆ ಬಂದು ನಿಂತರೂ ಕಣ್ಣಿಗೆ ಬೀಳುವಂಥದ್ದು ಮಾತ್ರ ಕರಪತ್ರಕ್ಕೆ ಬರಲಿ. ವರ್ಷಕ್ಕೊಮ್ಮೆ ನಡೆಯುವ ಭಾಷಣ ಈ ಪಟ್ಟಿಗೆ ಸೇರುವುದಿಲ್ಲ.

ನಮ್ಮ ಉದಾಹರಣೆಯ ಶಾಲೆಯಲ್ಲಿ ಹೀಗೊಂದು ಪದ್ಧತಿ ಇದೆ ಎಂದುಕೊಳ್ಳಿ. ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನದ ಊಟವಾದ ಮೇಲೆ 20 ನಿಮಿಷ ಏಳನೇ ತರಗತಿಯ ಮಗು ಎರಡನೇ ತರಗತಿಯ ಮಗುವಿನ ಪಕ್ಕದಲ್ಲಿ ಕುಳಿತು ಕಥೆಪುಸ್ತಕ ಓದಿಸುತ್ತದೆ. ಜೋಡಿಗಳನ್ನು ತಿಂಗಳಿಗೊಮ್ಮೆ ಬದಲಿಸಲಾಗುತ್ತದೆ. ಕರಪತ್ರದಲ್ಲಿ ಆರಿಸಿಕೊಳ್ಳಬೇಕಾದದ್ದು ಇಂಥ ಒಂದನ್ನೇ, ಏಕೆಂದರೆ ಇಲ್ಲಿ ಓದೂ ಇದೆ, ಕಿರಿಯರ ಜೊತೆ ತಾಳ್ಮೆಯಿಂದ ಕೂರುವುದೂ ಇದೆ. ಎರಡನ್ನೂ ಸರಿತೂಗಿಸುತ್ತೇವೆ ಎಂದು ಬೇರೆಯಾಗಿ ಘೋಷಿಸುವ ಅಗತ್ಯ ಬೀಳುವುದಿಲ್ಲ. ಆದರೆ ‘ಇದರಿಂದ ಮಕ್ಕಳು ವಿನಯಶೀಲರಾಗುತ್ತಾರೆ’ ಎಂದು ಒಂದು ಸಾಲು ಸೇರಿಸುವ ಆಸೆ ಆಡಳಿತ ಮಂಡಳಿಗೆ ಬಂದೇ ಬರುತ್ತದೆ. ಅದನ್ನು ತಡೆಯಬೇಕು. ಶಾಲೆ ಏನು ಮಾಡುತ್ತದೆ ಎಂಬುದು ಶಾಲೆಯ ಕೈಯಲ್ಲಿದೆ, ಮಗು ಏನಾಗುತ್ತದೆ ಎಂಬುದು ಇಲ್ಲ.

ಇಲ್ಲೇ ಮೂಡುವ ಇನ್ನೊಂದು ಪ್ರಶ್ನೆಗೂ ಉತ್ತರ ಬೇಕು. ವಾರಕ್ಕೆ 100 ನಿಮಿಷ ಎಲ್ಲಿಂದ ಬಂತು ಎಂದು ಏಳನೇ ತರಗತಿಯ ಮಗುವಿನ ತಾಯಿ ಕೇಳಿಯೇ ಕೇಳುತ್ತಾರೆ. ಊಟದ ಬಿಡುವನ್ನು ಮೊಟಕುಗೊಳಿಸಿಲ್ಲ, ಗಣಿತ ಮತ್ತು ವಿಜ್ಞಾನದ ಅವಧಿಗಳನ್ನು ಮುಟ್ಟಿಲ್ಲ, ಶಾಲೆಯನ್ನು ಸಂಜೆ 20 ನಿಮಿಷ ತಡವಾಗಿ ಬಿಡುತ್ತೇವೆ ಎಂದು ಕರಪತ್ರದಲ್ಲೇ ಹೇಳಿಬಿಟ್ಟರೆ ಆ ಸಮತೋಲನಕ್ಕೆ ಶಾಲೆ ಕೊಟ್ಟ ಬೆಲೆ ಏನೆಂದು ಗೊತ್ತಾಗುತ್ತದೆ.

‘ಸಂಸ್ಕಾರ’ ಎಂಬ ಪದದ ಬಗ್ಗೆ

ಈ ಪದವನ್ನು ಬರೆದವರಿಗೆ ಒಂದು ಅರ್ಥ ಇರುತ್ತದೆ, ಓದಿದವರಿಗೆ ಇನ್ನೊಂದು ಹೊಳೆಯುತ್ತದೆ. ಒಂದೇ ಊರಿನಲ್ಲಿ ಹಲವು ಜಾತಿ, ಧರ್ಮಗಳ ಮನೆಗಳಿರುವಲ್ಲಿ, ‘ನಮ್ಮ ಮಗು ಅಲ್ಲಿ ಹೊರಗಿನವನಾಗುತ್ತಾನೆಯೇ’ ಎಂಬ ಅನುಮಾನವನ್ನು ಈ ಒಂದು ಪದ ಹುಟ್ಟಿಸಬಲ್ಲದು. ಆ ಮನೆಯವರು ಕಾರಣ ಕೇಳಲು ಬರುವುದಿಲ್ಲ, ಸುಮ್ಮನೆ ಬೇರೆ ಶಾಲೆಗೆ ಹೋಗುತ್ತಾರೆ. ಬೆಳಗಿನ ಪ್ರಾರ್ಥನೆಯಲ್ಲಿ ಏನು ಹಾಡುತ್ತಾರೆ, ಊಟದ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಾರೆಯೇ ಎಂದು ನೇರವಾಗಿ ಬರೆಯುವುದು ಲೇಸು.

ಫಲಿತಾಂಶವನ್ನು ಎಣಿಕೆಯಲ್ಲಿ ಹೇಳಿ

ಸಣ್ಣ ಶಾಲೆ ಎಡವುವುದು ಶೇಕಡಾವಾರಿನಲ್ಲಿ. ನಮ್ಮ ಶಾಲೆಯಿಂದ 19 ಮಕ್ಕಳು ಎಸ್‌ಎಸ್‌ಎಲ್‌ಸಿ ಬರೆದರು, ಪರೀಕ್ಷೆ-1ರಲ್ಲಿ 17 ಮಂದಿ ತೇರ್ಗಡೆಯಾದರು, ಉಳಿದ ಇಬ್ಬರು ಪರೀಕ್ಷೆ-2ರಲ್ಲಿ ತೇರ್ಗಡೆಯಾದರು ಎಂದಿಟ್ಟುಕೊಳ್ಳಿ. ಇದನ್ನು ‘ಶೇ 100 ಫಲಿತಾಂಶ’ ಎಂದು ಹಾಕಿಸುವವರಿದ್ದಾರೆ. ಮೊದಲ ಪರೀಕ್ಷೆಯ ಲೆಕ್ಕದಲ್ಲಿ ಅದು ಶೇ 89 ಮಾತ್ರ, ಮತ್ತು ಇಷ್ಟು ಸಣ್ಣ ತಂಡದಲ್ಲಿ ಒಂದು ಮಗುವೇ ಶೇಕಡಾ ಐದರಷ್ಟು ತೂಗುತ್ತದೆ. ಇನ್ನು ಒಂಬತ್ತನೇ ತರಗತಿಯಲ್ಲೇ ಹಿಂದುಳಿದ ಮಕ್ಕಳಿಗೆ ವರ್ಗಾವಣೆ ಪತ್ರ ಕೊಟ್ಟು ಕಳುಹಿಸಿ ಪಡೆದ ನೂರು ಹೇಗಿರುತ್ತದೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಹಾಗಾಗಿ ‘19 ಮಕ್ಕಳು ಬರೆದರು. 17 ಮಂದಿ ಮೊದಲ ಪರೀಕ್ಷೆಯಲ್ಲಿ, ಇಬ್ಬರು ನಮ್ಮಲ್ಲೇ ಮತ್ತೆ ಓದಿ ಎರಡನೆಯದರಲ್ಲಿ ತೇರ್ಗಡೆಯಾದರು. ಒಂಬತ್ತನೇ ತರಗತಿಯಿಂದ ಯಾರನ್ನೂ ಕಳುಹಿಸಿಲ್ಲ’ ಎಂದು ಬರೆದರೆ, ಮೌಲ್ಯದ ಬಗ್ಗೆ ಹೇಳಬೇಕಾದ ಅರ್ಧ ಮಾತು ಅಲ್ಲೇ ಮುಗಿದಿರುತ್ತದೆ. ಮಕ್ಕಳ ಭಾವಚಿತ್ರ ಹಾಕುವುದಿದ್ದರೆ ಪೋಷಕರ ಲಿಖಿತ ಒಪ್ಪಿಗೆ ಇರಲಿ.

ಬರೆಯಲೇಬಾರದ ಮಾತುಗಳು

‘ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆ’ ಎಂಬ ಸಾಲು ಶಾಲೆಯ ಗೌರವ ಹೆಚ್ಚಿಸುತ್ತದೆ ಎಂದು ಕೆಲವರು ಭಾವಿಸಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪ್ರವೇಶದ ವೇಳೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ, ವಂತಿಗೆ ಪಡೆಯುವಂತಿಲ್ಲ. ಆ ಸಾಲನ್ನು ಅಚ್ಚು ಹಾಕಿಸುವುದೆಂದರೆ ತಪ್ಪಿಗೆ ತಾವೇ ಪುರಾವೆ ಒದಗಿಸಿದಂತೆ. ಇದೇ ರೀತಿ ರಾಜ್ಯ ಪಠ್ಯಕ್ರಮದ ಶಾಲೆ ‘ಸಿಬಿಎಸ್‌ಇ ಮಾದರಿ’ ಎಂದು ಬರೆಯಬಾರದು. ಅಂಥದೊಂದು ಮಾನ್ಯತೆಯೇ ಇಲ್ಲ. ಯಾವ ತರಗತಿಯವರೆಗೆ, ಯಾವ ಮಾಧ್ಯಮಕ್ಕೆ ಮಾನ್ಯತೆ ಇದೆ ಎಂಬುದನ್ನು 11 ಅಂಕಿಗಳ ಯು-ಡೈಸ್ ಸಂಖ್ಯೆಯೊಂದಿಗೆ ಕೆಳಭಾಗದಲ್ಲಿ ಮುದ್ರಿಸಿದರೆ ಸಾಕು.

ಶುಲ್ಕ ಮತ್ತು ವ್ಯಾನು

‘ಶುಲ್ಕಕ್ಕೆ ಸಂಪರ್ಕಿಸಿ’ ಎಂದರೆ ಹೆಚ್ಚು ಜನ ಕರೆ ಮಾಡುತ್ತಾರೆ ನಿಜ, ಆದರೆ ಕರೆಗಳೆಲ್ಲ ಆ ಒಂದೇ ಪ್ರಶ್ನೆಗೆ ಮುಗಿಯುತ್ತವೆ. ವರ್ಷದ ಒಟ್ಟು ಮೊತ್ತ, ಪುಸ್ತಕ ಮತ್ತು ಸಮವಸ್ತ್ರ ಅದರಲ್ಲಿ ಸೇರಿದೆಯೇ, ಎಷ್ಟು ಕಂತು ಎಂಬುದನ್ನು ಬರೆಯಿರಿ. ಅಡಿಕೆಯ ಮನೆಗಳಿಗೆ ಜೂನ್ ತಿಂಗಳು ಕೈಯಲ್ಲಿ ಹಣ ಆಡುವ ಕಾಲವಲ್ಲ. ದೊಡ್ಡ ಕಂತನ್ನು ಕೊಯ್ಲು ಮುಗಿದ ಮೇಲಕ್ಕೆ ಇಟ್ಟಿದ್ದರೆ ಆ ಸಾಲಿಗೆ ಎದ್ದು ಕಾಣುವ ಜಾಗ ಕೊಡಿ. ವ್ಯಾನಿನ ವಿಷಯದಲ್ಲೂ ಅಷ್ಟೆ: ‘ಎಲ್ಲ ಕಡೆಗೂ ವಾಹನ ಸೌಲಭ್ಯ’ ಎಂಬುದು ಜುಲೈ ಮಳೆಯಲ್ಲಿ ಸುಳ್ಳಾಗುತ್ತದೆ. ಒಳರಸ್ತೆ ಕೆಟ್ಟ ದಿನಗಳಲ್ಲಿ ವ್ಯಾನು ಮುಖ್ಯರಸ್ತೆಯ ನಿಲ್ದಾಣದವರೆಗೆ ಮಾತ್ರ ಬರುತ್ತದೆ ಎಂದು ಮೊದಲೇ ತಿಳಿಸಿದರೆ ಮಳೆಗಾಲದಲ್ಲಿ ಜಗಳವಿರುವುದಿಲ್ಲ.

ಅಚ್ಚಿಗೆ ಮುನ್ನ

ಇಷ್ಟನ್ನೂ ಸೇರಿಸಿದರೆ ಕರಪತ್ರದ ಮೇಲ್ಭಾಗ ಹೀಗೆ ಬರಬಹುದು:

‘ನಮ್ಮ ಏಳನೇ ತರಗತಿಯ ಮಕ್ಕಳು ದಿನಕ್ಕೆ 20 ನಿಮಿಷ ಎರಡನೇ ತರಗತಿಯವರಿಗೆ ಓದಿಸುತ್ತಾರೆ. ಅದಕ್ಕಾಗಿ ಯಾವ ಪಾಠವನ್ನೂ ಕಡಿತ ಮಾಡಿಲ್ಲ, ಶಾಲೆ 20 ನಿಮಿಷ ತಡವಾಗಿ ಬಿಡುತ್ತದೆ. ಒಮ್ಮೆ ಊಟದ ಹೊತ್ತಿಗೆ ಬಂದು ನೋಡಿ.’

ಇದನ್ನು ಶಾಲೆಗೆ ಸಂಬಂಧವಿಲ್ಲದ ಒಬ್ಬ ತಾಯಿಗೆ ಓದಲು ಕೊಟ್ಟು, ಹಾಳೆಯನ್ನು ವಾಪಸು ತೆಗೆದುಕೊಂಡು, ನೆನಪಿರುವುದನ್ನು ಹೇಳಿ ಎಂದು ಕೇಳಿ. ‘ಒಳ್ಳೆಯ ಶಾಲೆ ಅಂತ ಬರೆದಿದೆ’ ಎಂದರೆ ಮತ್ತೆ ಬರೆಯಬೇಕು. ‘ದೊಡ್ಡ ಮಕ್ಕಳು ಚಿಕ್ಕವರಿಗೆ ಓದಿಸುತ್ತಾರಂತೆ’ ಎಂದರೆ ಮುದ್ರಣಕ್ಕೆ ಕೊಡಬಹುದು. ಹಂಚಿದ ಬಳಿಕ ಕಚೇರಿಯ ಮೇಜಿನ ಮೇಲೆ ಒಂದು ಪುಸ್ತಕವಿಟ್ಟು, ಕರೆ ಮಾಡಿದವರ, ಬಂದು ನೋಡಿದವರ, ಸೇರಿಸಿದವರ ಸಂಖ್ಯೆಯನ್ನೂ ಅವರು ಕೇಳಿದ ಮೊದಲ ಪ್ರಶ್ನೆಯನ್ನೂ ಬರೆದಿಡಿ. ಬಂದು ನೋಡಿದವರು ಬಹಳ, ಸೇರಿಸಿದವರು ಕಡಿಮೆ ಎಂದಾದರೆ ದೋಷ ಕರಪತ್ರದ್ದಲ್ಲ, ಊಟದ ನಂತರದ ಆ 20 ನಿಮಿಷದಲ್ಲಿ ಅವರು ಏನು ಕಂಡರು ಎಂಬುದನ್ನು ವಿಚಾರಿಸಬೇಕಾಗುತ್ತದೆ.