ಜೀನ್ಸ್ ಕ್ಯಾಟಲಾಗ್‌ನ ಎಐ ಚಿತ್ರಗಳು: ಪಾರ್ಟಿಗೆ ಕಳಿಸುವ ಮುಂಚೆ ನಾವು ನೋಡುವುದೇನು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಮಾರುವ ಪಾರ್ಟಿಗಳಿಗೆ ಕ್ಯಾಟಲಾಗ್ ಮಾಡಿಕೊಡುವಾಗ ನಮ್ಮ ಪದ್ಧತಿ ಇಷ್ಟು: ಸ್ಯಾಂಪಲ್ ಪೀಸನ್ನು ಡಮ್ಮಿಗೆ ಹಾಕಿ ಹಿಂದೆ ಮುಂದೆ ಫೋಟೊ ತೆಗೆಯುವುದು, ಆ ಫೋಟೊ ಕೊಟ್ಟು ಮಾಡೆಲ್ ಹಾಕಿಕೊಂಡಂತೆ ಎಐಯಿಂದ ಚಿತ್ರ ಮಾಡಿಸುವುದು. ಒಂದು ಸ್ಟೈಲಿಗೆ ಐದು ಚಿತ್ರ: ಮುಂದಿನದು, ಹಿಂದಿನದು, ಪಕ್ಕದ್ದು, ಕೂತದ್ದು, ಹೊರಾಂಗಣದ್ದು ಒಂದು. ಎಂಟು ಸ್ಟೈಲ್ ಬಂದರೆ ನಲವತ್ತು ಚಿತ್ರ. ಮಾಡಿಸುವುದಕ್ಕಿಂತ ನೋಡುವುದಕ್ಕೇ ಹೆಚ್ಚು ಹೊತ್ತು ಬೇಕು.

ಒಂದು ಚಿತ್ರ ತೆರೆದು ಅದರ ಎಲ್ಲ ತಪ್ಪನ್ನೂ ಹುಡುಕಿ ಮುಂದಿನದಕ್ಕೆ ಹೋಗುವ ಕ್ರಮವನ್ನು ನಾವು ಇಟ್ಟುಕೊಂಡಿಲ್ಲ. ಹಾಗೆ ನೋಡಿದರೆ ಕಣ್ಣು ಮೊದಲು ಮುಖಕ್ಕೆ ಹೋಗುತ್ತದೆ. ಮುಖ ಚೆನ್ನಾಗಿದ್ದರೆ ಉಳಿದದ್ದೂ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಅದಕ್ಕೇ ಒಂದು ತಪ್ಪನ್ನು ಹಿಡಿದು ನಲವತ್ತೂ ಚಿತ್ರಗಳ ಮೇಲೆ ಒಂದು ಸುತ್ತು ಹೋಗುತ್ತೇವೆ. ಮುಂದಿನ ಪಾಕೆಟ್ಟಿನ ಬಾಯಲ್ಲಿರುವ ಚಿಕ್ಕ ಕಾಯಿನ್ ಪಾಕೆಟ್ ಅಂದರೆ ಬರೀ ಕಾಯಿನ್ ಪಾಕೆಟ್. ಇದಕ್ಕೆ ಎಲ್ಲವೂ ಒಟ್ಟಿಗೆ ಕಾಣುವ ಹಾಳೆ ಬೇಕು. ಕಂಪ್ಯೂಟರಿನಲ್ಲಿ ImageMagick ಎಂಬ ತಂತ್ರಾಂಶ ಇದ್ದರೆ ಒಂದು ಸಾಲು ಸಾಕು:

```
montage -label '%f' *.jpg -tile 5x4 -geometry 400x400+6+6 ../sheet.jpg
```

ಇಪ್ಪತ್ತಿಪ್ಪತ್ತು ಚಿತ್ರದ ಹಾಳೆಗಳು ಬರುತ್ತವೆ, ಪ್ರತಿ ಚಿತ್ರದ ಕೆಳಗೆ ಫೈಲಿನ ಹೆಸರು. ಹಾಳೆಯನ್ನು ಅದೇ ಫೋಲ್ಡರಿಗೆ ಉಳಿಸಬೇಡಿ, ಮುಂದಿನ ಸಲ ಅದೂ ಒಂದು ಚಿತ್ರವಾಗಿ ಒಳಗೆ ಸೇರಿಕೊಳ್ಳುತ್ತದೆ. ಸಾಲಿಗೆ ಐದು ಇಟ್ಟಿರುವುದರಿಂದ, ಫೈಲ್ ಹೆಸರು ಸ್ಟೈಲ್ ನಂಬರಿನಿಂದ ಶುರುವಾಗಿದ್ದರೆ ಒಂದು ಸಾಲು ಒಂದು ಸ್ಟೈಲ್ ಆಗುತ್ತದೆ. ಬೇರೆಯಾದದ್ದು ಅಲ್ಲೇ ಎದ್ದು ಕಾಣುತ್ತದೆ, ಸಣ್ಣ ವಿವರಕ್ಕೆ ಫೈಲ್ ತೆರೆದು ದೊಡ್ಡದು ಮಾಡಿಕೊಳ್ಳಬೇಕು.

ಮೊದಲ ಸುತ್ತು ಪ್ಯಾಂಟಿಗೇ. ಸ್ಯಾಂಪಲ್ ಪೀಸ್ ಮೇಜಿನ ಮೇಲೆ ಇರಬೇಕು, ಅದರ ಫೋಟೊ ಅಲ್ಲ. ಐದು ಪಾಕೆಟ್ ಜೀನ್ಸಿನಲ್ಲಿ ಕಾಯಿನ್ ಪಾಕೆಟ್ ಹಾಕಿಕೊಂಡವರ ಬಲಗಡೆ, ಅಂದರೆ ಮುಂದಿನಿಂದ ತೆಗೆದ ಚಿತ್ರದಲ್ಲಿ ನಮ್ಮ ಎಡಗಡೆ ಇರುತ್ತದೆ. ಗಂಡಸರ ಪ್ಯಾಂಟಿನಲ್ಲಿ ಜಿಪ್ ಮುಚ್ಚುವ ಫ್ಲೈ ಪಟ್ಟಿ ಹಾಕಿಕೊಂಡವರ ಎಡದಿಂದ ಬಲಕ್ಕೆ ಮುಚ್ಚುತ್ತದೆ. ಕಾಜಾ ಎಡಗಡೆ, ಬಟನ್ ಬಲಗಡೆ. ಹೆಂಗಸರದ್ದು ಒಬ್ಬೊಬ್ಬರು ಒಂದೊಂದು ಥರ ಹೊಲಿಯುತ್ತಾರೆ, ಸ್ಯಾಂಪಲ್ ನೋಡಿಯೇ ಹೇಳಬೇಕು. ಕಾಯಿನ್ ಪಾಕೆಟ್, ಫ್ಲೈ ಎರಡೂ ಒಟ್ಟಿಗೆ ತಿರುಗಿದ್ದರೆ ಚಿತ್ರ ಪೂರ್ತಿ ಕನ್ನಡಿಯಂತೆ ಮಗುಚಿದೆ ಎಂದರ್ಥ, ಅಡ್ಡಕ್ಕೆ ತಿರುಗಿಸಿದರೆ ಸರಿಹೋಗುತ್ತದೆ. ಒಂದೇ ತಿರುಗಿದ್ದರೆ ಆ ಪ್ಯಾಂಟನ್ನು ಎಐ ಕಲ್ಪಿಸಿಕೊಂಡಿದೆ, ತಿರುಗಿಸಿ ಪ್ರಯೋಜನವಿಲ್ಲ.

ಆಮೇಲೆ ಬೆಲ್ಟ್ ಲೂಪ್. ಸ್ಯಾಂಪಲ್ಲಿನಲ್ಲಿ ಐದಿದ್ದರೆ ಮುಂದಿನ ಚಿತ್ರದಲ್ಲಿ ಎರಡು ಕಾಣಬೇಕು, ಹಿಂದಿನದರಲ್ಲಿ ನಟ್ಟನಡುವೆ ಒಂದು ಇರಲೇಬೇಕು. ಹಿಂದಿನ ಚಿತ್ರದಲ್ಲಿ ಸೊಂಟಪಟ್ಟಿಯ ಕೆಳಗಿನ ತುಂಡಾದ ಯೋಕಿನ ಹೊಲಿಗೆ ಎರಡೂ ಕಡೆಯಿಂದ ಇಳಿದು ನಡುವಿನ ಹೊಲಿಗೆಯಲ್ಲಿ ಕೂಡುತ್ತದೆ. ಎಐ ಚಿತ್ರದಲ್ಲಿ ಒಂದು ಕಡೆ ಸ್ವಲ್ಪ ಮೇಲೆ, ಇನ್ನೊಂದು ಕಡೆ ಕೆಳಗೆ ಬರುವುದು ಮಾಮೂಲು. ಸೊಂಟದ ಪ್ಯಾಚ್ ಮೇಲಿನ ಅಕ್ಷರವನ್ನಂತೂ ನಂಬಲೇಬೇಡಿ. ಸ್ಯಾಂಪಲ್ ಫೋಟೊದಿಂದ ಪ್ಯಾಚನ್ನು ಕತ್ತರಿಸಿ ಕೂರಿಸುವುದೇ ನಮ್ಮ ಕ್ರಮ.

ಒಂದು ಸ್ಟೈಲನ್ನು ಬಿಡಿಸಿ ಹೇಳುತ್ತೇನೆ. ಗಂಡಸರ ಕಡು ನೀಲಿ ಜೀನ್ಸ್, ಕಾಲಿನ ತುದಿ ಮಡಚಿದ್ದು, ಕಿತ್ತಳೆ ದಾರದ ಜೋಡಿ ಹೊಲಿಗೆ ಒಳಗಾಲಿನ ಉದ್ದಕ್ಕೂ. ಡೆನಿಮ್ಮಿನಲ್ಲಿ ಹಾಸಿನ ನೂಲಿಗೆ ಮಾತ್ರ ನೀಲಿ ಬಣ್ಣ, ಹೊಕ್ಕಿನ ನೂಲು ಬಿಳಿ. ಹಾಗಾಗಿ ಬಟ್ಟೆಯ ಒಳಮೈ ತೆಳು ನೀಲಿ ಅಥವಾ ಬೂದು ಬಿಳಿಯಾಗಿರುತ್ತದೆ. ಮಡಚಿದ ತುದಿಯಲ್ಲಿ ಆ ಒಳಮೈಯೇ ಹೊರಗೆ ಬರಬೇಕು, ಜೊತೆಗೆ ಪಕ್ಕದ ಹೊಲಿಗೆಯ ಒಳಅಂಚೂ ಕಾಣಬೇಕು. ಮುಂದಿನ ಚಿತ್ರದಲ್ಲಿ ಇದು ಸರಿ ಇತ್ತು. ಕೂತ ಚಿತ್ರದಲ್ಲಿ ಮಡಿಕೆಯೂ ಅದೇ ಕಡು ನೀಲಿ, ಒಂದು ಪಟ್ಟಿ ಸುತ್ತಿದ ಹಾಗೆ. ಪಕ್ಕದ ಚಿತ್ರದಲ್ಲಿ ಒಳಗಾಲಿನಲ್ಲಿ ಇರಬೇಕಾದ ಕಿತ್ತಳೆ ಜೋಡಿ ಹೊಲಿಗೆ ಹೊರಗಾಲಿಗೆ ಬಂದು ಸೊಂಟದಿಂದ ಪಾದದವರೆಗೆ ಇಳಿದಿತ್ತು. ಸ್ಯಾಂಪಲ್ಲಿನಲ್ಲಿ ಹೊರಗಡೆ ಮೇಲ್ಹೊಲಿಗೆ ಪಾಕೆಟ್ಟಿನ ಕೆಳಗೆ ನಾಲ್ಕು ಬೆರಳು ಇಳಿದು ನಿಂತಿದೆ. ಕೊಳ್ಳುವವರಿಗೆ ಇದು ಗೊತ್ತಾಗುತ್ತದಾ ಎಂದು ಕೇಳಬಹುದು. ಹೊಲಿಸಿದವರಿಗಂತೂ ಹಾಳೆ ನೋಡಿದ ಕ್ಷಣ ಗೊತ್ತಾಗುತ್ತದೆ: "ಇದು ನಮ್ ಪೀಸ್ ಅಲ್ಲರೀ." ಎರಡನ್ನೂ ಮತ್ತೆ ಮಾಡಿಸಲು ಹಾಕಿದ್ದಾಯಿತು.

ಬಣ್ಣಕ್ಕೆ ಕಣ್ಣೊಂದೇ ಸಾಲದು. ಒಂದೇ ಹಿನ್ನೆಲೆಯ ಮುಂದಿನ, ಹಿಂದಿನ ಚಿತ್ರಗಳಲ್ಲಿ ತೊಡೆಯ ನಡುಭಾಗದ ಒಂದು ಚೌಕ ಕತ್ತರಿಸಿ ಸರಾಸರಿ ಬಣ್ಣ ತೆಗೆಯುತ್ತೇವೆ:

```
magick 07_front.jpg -crop 200x200+900+1400 +repage -scale 1x1 -depth 8 txt:-
```

`+900+1400` ಎಂಬುದು ಚೌಕದ ಎಡ ಮೇಲ್ತುದಿಯ ಜಾಗ, ಅದನ್ನು ಚಿತ್ರಕ್ಕೆ ತಕ್ಕಂತೆ ಬದಲಿಸಬೇಕು. ಕೆಂಪು, ಹಸಿರು, ನೀಲಿ ಮೂರು ಅಂಕಿ ಬರುತ್ತವೆ. ಎರಡು ಚಿತ್ರಗಳ ನಡುವೆ ಹತ್ತರೊಳಗಿನ ವ್ಯತ್ಯಾಸವನ್ನು ಬಿಡುತ್ತೇವೆ. ಇಪ್ಪತ್ತು ದಾಟಿದರೆ ಅದು ಒಗೆದು ಬಣ್ಣ ಇಳಿಸಿದ ಬೇರೆ ವಾಷಿನ ಪ್ಯಾಂಟಿನಂತೆ ಕಾಣುತ್ತದೆ. ಮೊದಲು ಹಿನ್ನೆಲೆಯ ಅಂಕಿಯನ್ನೂ ಹೀಗೇ ನೋಡಿಕೊಳ್ಳಿ. ಅದೇ ಬದಲಾಗಿದ್ದರೆ ಬದಲಾದದ್ದು ಬೆಳಕು.

ಎರಡನೇ ಸುತ್ತು ನೆರಳು. ಮೊದಲು ಶೂ ತಳ. ನೆಲಕ್ಕೆ ತಾಗಿದ ಕಡೆ ಕಪ್ಪಗೆ ಸಣ್ಣ ಗೆರೆ ಇಲ್ಲದಿದ್ದರೆ ಮನುಷ್ಯ ತೇಲುತ್ತಿರುತ್ತಾನೆ. ಹೊರಾಂಗಣದ ಚಿತ್ರಕ್ಕೆ ಇನ್ನೂ ಗಟ್ಟಿ ಪರೀಕ್ಷೆ ಇದೆ. ಚಿತ್ರದ ಮೇಲೆ ಹೊಸ ಲೇಯರ್ ತೆರೆದು, ಮೊಣಕೈ ತುದಿಯ ನೆರಳಿನಿಂದ ಮೊಣಕೈಗೆ, ಬೆರಳಿನ ನೆರಳಿನಿಂದ ಬೆರಳಿಗೆ, ಪಕ್ಕದ ಕಂಬದ ನೆರಳ ತುದಿಯಿಂದ ಕಂಬದ ತುದಿಗೆ ನೇರ ಗೆರೆ ಎಳೆದು ಉದ್ದ ಮಾಡಿ. ಬೆಳಕು ಒಂದೇ ಆದರೆ ಎಲ್ಲ ಗೆರೆಗಳೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಸೂರ್ಯ ಪಕ್ಕದಲ್ಲಿದ್ದರೆ ಆ ಬಿಂದು ಬಹಳ ದೂರ ಹೋಗಿ ಗೆರೆಗಳು ಹೆಚ್ಚುಕಡಿಮೆ ಸಮಾನಾಂತರವಾಗುತ್ತವೆ. ಎರಡು ಗೆರೆಗಳಿಂದ ಏನೂ ಗೊತ್ತಾಗುವುದಿಲ್ಲ, ಅವು ಎಲ್ಲಾದರೂ ಕೂಡಿಯೇ ಕೂಡುತ್ತವೆ. ಮೂರನೆಯದು ಬೇಕು. ನೆಲ ಸಪಾಟಾಗಿರಬೇಕೆಂದೂ ಇಲ್ಲ. ನಮ್ಮ ಕೋಟೆ ಗುಡ್ಡದಂಥ ಬಂಡೆಯ ಇಳಿಜಾರಿನಲ್ಲಿ ನೆರಳು ಸೊಟ್ಟಗೆ ಬಿದ್ದರೂ ಈ ಲೆಕ್ಕ ತಪ್ಪುವುದಿಲ್ಲ.

ನೆರಳಿನ ಅಂಚನ್ನೂ ನೋಡಿ. ಬಿಸಿಲಿನ ನೆರಳು ಪಾದದ ಹತ್ತಿರ ಚೂಪಾಗಿದ್ದು ತಲೆಯ ಕಡೆಗೆ ಹೋದಂತೆ ಮಸುಕಾಗುತ್ತದೆ. ವಸ್ತುವಿನಿಂದ ನೆರಳಿಗಿರುವ ದೂರದ ನೂರರಲ್ಲಿ ಒಂದು ಪಾಲಿನಷ್ಟು ಮಸುಕು, ಓರೆಯಾಗಿ ಬಿದ್ದರೆ ಇನ್ನಷ್ಟು. ಎರಡು ಮೀಟರ್ ಆಚೆ ಬಿದ್ದ ತಲೆಯ ನೆರಳಿಗೆ ಎರಡು ಸೆಂಟಿಮೀಟರಿನ ಮಸುಕಾದರೂ ಇರಬೇಕು. ಎಐ ಚಿತ್ರದಲ್ಲಿ ತಲೆಯಿಂದ ಪಾದದವರೆಗೂ ಒಂದೇ ಅಂಚು ಇರುವುದುಂಟು.

ಪಾರ್ಟಿ "ಬಳ್ಳಾರಿ ಮಧ್ಯಾಹ್ನದ ಬಿಸಿಲು" ಕೇಳಿದ್ದರೆ ಉದ್ದವನ್ನೂ ಅಳೆಯಬೇಕು. ಬಳ್ಳಾರಿ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಶುರುವಿನಲ್ಲಿ, ಮತ್ತೆ ಆಗಸ್ಟ್ ನಡುವಿಗೆ ಹತ್ತಿರದಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ, ನೆರಳು ಕಾಲಡಿಗೇ ಬೀಳುತ್ತದೆ. ಡಿಸೆಂಬರಿನ ನಡುಹಗಲಲ್ಲೂ ಅದು ಆಳಿನ ಎತ್ತರದ ಐದರಲ್ಲಿ ನಾಲ್ಕು ಪಾಲನ್ನು ದಾಟುವುದಿಲ್ಲ. ಸುಡು ಬಿಸಿಲಿನ ಚಿತ್ರದಲ್ಲಿ ಎರಡಾಳುದ್ದದ ನೆರಳು ಬಿದ್ದಿದ್ದರೆ ಅದು ಸಂಜೆಯ ನೆರಳು, ಬೆಳಕಿನ ಬಣ್ಣ ಮಾತ್ರ ಮಧ್ಯಾಹ್ನದ್ದು.

ಮೂರನೇ ಸುತ್ತು ಮೈ. ಬೆರಳೆಣಿಸುವುದು ಎಲ್ಲರಿಗೂ ಗೊತ್ತು. ಜೀನ್ಸಿನಲ್ಲಿ ಎಡವುವುದು ಪಾಕೆಟ್ಟಿನೊಳಗಿನ ಕೈ. ಹೆಬ್ಬೆರಳು ಹೊರಗಿದ್ದರೆ ನಾಲ್ಕು ಬೆರಳು ಒಳಗಿರಬೇಕು, ಬಟ್ಟೆ ಅಷ್ಟು ಉಬ್ಬಿರಬೇಕು, ಪಾಕೆಟ್ ಬಾಯಿ ತುಸು ತೆರೆದಿರಬೇಕು. ತಪ್ಪು ಚಿತ್ರದಲ್ಲಿ ಕೈ ಅಂಚಿನಲ್ಲೇ ಮಾಯವಾಗಿ ತೊಡೆ ಸಪಾಟಾಗಿರುತ್ತದೆ. ಬಲಗೈ ಪಾಕೆಟ್ಟಿನಲ್ಲಿದ್ದರೆ ಕಾಯಿನ್ ಪಾಕೆಟ್ಟೂ ಮರೆಯಾಗುತ್ತದೆ, ಹಾಗಾಗಿ ಕೇಳುವಾಗಲೇ ಎಡಗೈ ಕೇಳಿ.

ಕಾಲ ಮೇಲೆ ಕಾಲು ಹಾಕಿ ಕೂತ ಚಿತ್ರದಲ್ಲಿ ಹೊರ ಹೊಲಿಗೆಯೇ ದಾರಿ ತೋರಿಸುತ್ತದೆ. ಸೊಂಟದಿಂದ ಬೆರಳಿಟ್ಟು ಹೊಲಿಗೆಯ ಮೇಲೇ ಇಳಿಯಿರಿ. ಅದು ಅದೇ ಕಾಲಿನ ಹೊರ ಗಿಣ್ಣಿಗೆ ಮುಟ್ಟಬೇಕು. ಮಂಡಿಯ ಹತ್ತಿರ ಹೊಲಿಗೆ ಹೊರಗಿನಿಂದ ಒಳಗೆ ಜಾರಿದ್ದರೆ ಅಲ್ಲಿ ಎರಡು ಕಾಲು ಅದಲುಬದಲಾಗಿವೆ. ನೋಡುವುದಕ್ಕೆ ಸಹಜವಾಗಿದ್ದರೂ ಬಲ ತೊಡೆಗೆ ಎಡ ಪಾದ ಇರುತ್ತದೆ. ಎರಡೂ ಶೂ ಒಂದೇ ಕಾಲಿನದ್ದಾಗಿವೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ಎತ್ತರದ ಅಳತೆ ಮೈಯದ್ದೂ ಹೌದು, ಪ್ಯಾಂಟಿನದ್ದೂ ಹೌದು. ಬೆಳೆದ ಮನುಷ್ಯ ತನ್ನ ತಲೆಯ ಏಳು, ಏಳೂವರೆಯಷ್ಟು ಎತ್ತರ. ಎಐ ಚಿತ್ರದಲ್ಲಿನ ಮಾಡೆಲ್ ಒಂಬತ್ತು ತಲೆಗೂ ಹೋಗುತ್ತದೆ, ಹೆಚ್ಚಾದದ್ದೆಲ್ಲ ಕಾಲಿಗೇ ಸೇರುತ್ತದೆ. ಆಗ ಮಂಡಿಯ ಹಿಂದೆ ವಾಷಿನಲ್ಲಿ ತೆಗೆದ ಗೆರೆಗಳು ಬೇರೆಲ್ಲೋ ಬೀಳುತ್ತವೆ, 30 ಇಂಚಿನ ಒಳಗಾಲು 34ರಂತೆ ಕಾಣುತ್ತದೆ. ಎಂಟರವರೆಗೆ ಬಿಡುತ್ತೇವೆ.

ಹಿನ್ನೆಲೆಯಲ್ಲಿ ಅಂಗಡಿ ಬೋರ್ಡ್ ಬಂದರೆ ದೊಡ್ಡದು ಮಾಡಿ ಓದಿ. ಒತ್ತಕ್ಷರ ತಲೆಕೆಳಗಾದ, ಯಾವ ಲಿಪಿಯೂ ಅಲ್ಲದ ಕನ್ನಡ ಇಲ್ಲಿನ ಗಿರಾಕಿಯ ಕಣ್ಣಿಗೆ ಪ್ಯಾಂಟಿಗಿಂತ ಮೊದಲು ಬೀಳುತ್ತದೆ. ಅಳಿಸುವುದೇ ಸಲೀಸು.

ಯಾವುದನ್ನು ತಿದ್ದುವುದು, ಯಾವುದನ್ನು ಮತ್ತೆ ಮಾಡಿಸುವುದು? ಹೊಲಿಗೆ, ಪಾಕೆಟ್, ಫ್ಲೈ ತಪ್ಪಿದ್ದರೆ ಮತ್ತೆ ಮಾಡಿಸುತ್ತೇವೆ. ಬೆರಳು, ಬೋರ್ಡ್, ಶೂ ಕೆಳಗಿನ ನೆರಳು ಇವನ್ನು ಆ ಜಾಗ ಗುರುತಿಸಿ ತಿದ್ದುತ್ತೇವೆ. ತಿದ್ದುವಾಗ ಗುರುತಿಸಿದ ಜಾಗದ ಅಂಚೂ ಹೊಸದಾಗಿ ಬರೆಯಲ್ಪಡುತ್ತದೆ. ಬೆರಳು ಸರಿಯಾದ ಚಿತ್ರದಲ್ಲಿ ಪಕ್ಕದ ರಿವೆಟ್ ಕಾಣೆಯಾಗಿರಬಹುದು. ಅದಕ್ಕೆ ತಿದ್ದಿದ ಚಿತ್ರ ಮತ್ತೆ ಮೊದಲ ಸುತ್ತಿನಿಂದಲೇ ಶುರು.

ಎಲ್ಲ ಮುಗಿದ ಮೇಲೆ ಪಾರ್ಟಿ ಕೇಳಿದ ಅಳತೆಗೆ ಇಳಿಸಿ, ಇಳಿಸಿದ ಫೈಲನ್ನೇ ನೂರಕ್ಕೆ ನೂರು ಅಳತೆಯಲ್ಲಿ ತೆರೆಯಬೇಕು. ಡೆನಿಮ್ಮಿನ ಓರೆ ನೇಯ್ಗೆ ತುಂಬ ಸಣ್ಣದು. ಚಿತ್ರ ಕುಗ್ಗಿದಾಗ ತೊಡೆಯ ಮೇಲೆ ಅಲೆ ಅಲೆಯಾದ ಪಟ್ಟೆಗಳು ಎದ್ದು ವಾಷಿನ ಕಲೆಯಂತೆ ಕಾಣಬಹುದು. ಹಾಗಾದರೆ ದೊಡ್ಡ ಫೈಲನ್ನು ತುಸು ಮಸುಕು ಮಾಡಿ ಮತ್ತೆ ಇಳಿಸಿ, ಶಾರ್ಪನ್ ಆಮೇಲೆ ಬೇಕಾದರೆ ಮಾತ್ರ.